ಬಾಗಿಲಲ್ಲೇ ಬೇಡವಾದ ಹುರಿಹಿಟ್ಟು

ಹೊಂಬಾಳಮ್ಮ ಇಪ್ಪತ್ತೆರಡು ವರ್ಷ ಹುರಿಹಿಟ್ಟು ಮಾಡಿದರೂ ಅದೊಂದು ಕೆಲಸ ಎಂದು ಮಳವಳ್ಳಿಯ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ರಾಗಿಯನ್ನು ತೊಳೆದು ಮಜ್ಜಿಗೆ ನೀರಲ್ಲಿ ನೆನೆಹಾಕಬೇಕು, ಬಸಿದು ಬಟ್ಟೆಯ ಮೇಲೆ ಹರವಬೇಕು, ಮಾರನೆಯ ದಿನ ಹಿತ್ತಿಲ ಒಲೆಯ ಮುಂದೆ ಕೂತು ಕಾದ ಮರಳಿನಲ್ಲಿ ಹಿಡಿಹಿಡಿಯಾಗಿ ಅರಳಿಸಬೇಕು, ಜರಡಿ ಹಿಡಿಯಬೇಕು, ಕೇರಬೇಕು, ಬೀಸಬೇಕು. ಇಷ್ಟಾದ ಮೇಲೆ ಗಂಡ ಮರಿಸಿದ್ದಯ್ಯ ಬಟ್ಟಲಲ್ಲಿ ಬೆಲ್ಲ, ತುಪ್ಪ ಹಾಕಿ ಕಲಸಿಕೊಂಡು, "ನಮ್ಮನೇಲಿ ಹುರಿಹಿಟ್ಟಿಗೆ ಬರ ಇಲ್ಲ" ಎಂದು ನೆಂಟರಿಗೆ ಹೇಳುತ್ತಿದ್ದ. ಮಳೆ ಬರುವ ಹಾಗೆ ಹುರಿಹಿಟ್ಟೂ ತಾನಾಗಿ ಬರುತ್ತದೆ ಎಂದೇ ಅವನು ತಿಳಿದಿದ್ದ.

ಮಗಳ ಮದುವೆಯಾಗಿ ಮನೆ ಬರಿದಾದ ಮೇಲೆ ಹೊಂಬಾಳಮ್ಮ ಅದೇ ಹಿಟ್ಟನ್ನು ಪೊಟ್ಟಣ ಕಟ್ಟಿ ಮೇಲೆ ಬೆಲೆ ಬರೆದಳು. ಆ ದಿನದಿಂದ ಅದು ಕೆಲಸವಾಯಿತು. ಕೆಲಸವಾದ ಮೇಲೆ ಅದರ ಬಗ್ಗೆ ಎಲ್ಲರಿಗೂ ಅಭಿಪ್ರಾಯಗಳು ಹುಟ್ಟಿಕೊಂಡವು.

ಮೊದಲು ವಾಟ್ಸಾಪ್‌ನಲ್ಲಿ ಮಾರಿದಳು. ಆಮೇಲೆ ಇನ್‌ಸ್ಟಾಗ್ರಾಮ್‌ನಲ್ಲಿ ಮರಳಲ್ಲಿ ರಾಗಿ ಹುರಿಯುವ ವಿಡಿಯೋ ಹಾಕಿದಳು. ಕೊನೆಗೆ ಮಗಳು ಒಂದು ಆರ್ಡರ್ ಲಿಂಕ್ ಮಾಡಿಕೊಟ್ಟಳು. ಒಂದು ಕಿಲೋ ಹುರಿಹಿಟ್ಟು, ಅರ್ಧ ಕಿಲೋ ಬೆಲ್ಲದ ಪುಡಿ, ಒಂದು ಪೊಟ್ಟಣ ಕಡ್ಲೇಕಾಯಿ ಚಟ್ನಿಪುಡಿ, ಮೂರೂ ಸೇರಿ ನಾನೂರ ಇಪ್ಪತ್ತು ರೂಪಾಯಿ. ಕೆಳಗೆ ಎರಡು ಗುಂಡಿ: 'ಈಗಲೇ ದುಡ್ಡು', 'ಪಾರ್ಸೆಲ್ ಬಂದಾಗ ದುಡ್ಡು'. ಹತ್ತರಲ್ಲಿ ಒಂಬತ್ತು ಜನ ಎರಡನೆಯದನ್ನೇ ಒತ್ತುತ್ತಿದ್ದರು.

ಮೊದಲ ತಿಂಗಳು ನೂರು ಪಾರ್ಸೆಲ್ ಹೋದವು. ಮೂವತ್ತೊಂದು ವಾಪಸ್ ಬಂದವು.

ವಾಪಸ್ ಬರುವುದೆಂದರೆ ಹೊಳೆಗೆ ಹೋದವರು ಮನೆಗೆ ಬಂದ ಹಾಗಲ್ಲ. ಕೊರಿಯರ್ ಕಂಪನಿ ಹೋಗುವುದಕ್ಕೆ ಎಪ್ಪತ್ತು ರೂಪಾಯಿ ಹಿಡಿಯುತ್ತಿತ್ತು, ಬರುವುದಕ್ಕೆ ಮತ್ತೆ ಅರವತ್ತೈದು. ಹದಿನೈದು ದಿನ ಗೋದಾಮಿನಿಂದ ಗೋದಾಮಿಗೆ ಉರುಳಿ ಬಂದ ಪೊಟ್ಟಣ ಮೂಲೆ ಒಡೆದಿರುತ್ತಿತ್ತು. ಅದನ್ನು ಇನ್ನೊಬ್ಬರಿಗೆ ಕಳಿಸುವ ಹಾಗಿರಲಿಲ್ಲ. ಹಾಗಾಗಿ ಮನೆಯವರೇ ತಿಂದರು. ಬೆಳಿಗ್ಗೆ ಹುರಿಹಿಟ್ಟು, ಸಂಜೆ ಹುರಿಹಿಟ್ಟು. ಅತ್ತೆ ದೊಡ್ಡತಾಯಮ್ಮ ಮುತ್ತತ್ತಿಯ ಗುಡಿಗೆ ಹೊರಟ ನೆಂಟರ ಕೈಗೆ ಒಂದೊಂದು ಪೊಟ್ಟಣ ಕೊಟ್ಟಳು. ಹಾಸನದ ಯಾರದೋ ಹೆಸರು, ಬಾಗಿಲು ನಂಬರು ಅಂಟಿದ್ದ ಪೊಟ್ಟಣ ಹಿಡಿದು ಆ ನೆಂಟರು, "ಇದ್ಯಾರವ್ವ ನಮ್ಗೆ ಗೊತ್ತಿಲ್ದ ಬಳಗ?" ಎಂದು ಕೇಳಿದರಂತೆ.

ಮರಿಸಿದ್ದಯ್ಯ ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಪಾಳಿ ಕೆಲಸದವನು. ಪಾಳಿ ಮುಗಿಸಿ ಬಂದು ಜಗಲಿಯಲ್ಲಿ ಕೂತರೆ ದೇಶದ ವ್ಯಾಪಾರವನ್ನೆಲ್ಲ ಸರಿಮಾಡಬಲ್ಲವನು. ಒಂದು ಸಂಜೆ ವಾಪಸ್ ಬಂದ ಏಳು ಪಾರ್ಸೆಲ್ ಎಣಿಸಿ, ತೀರ್ಪು ಹೇಳಿದ.

"ಲೇ ಅಮ್ಮಿ, ನಿನ್ ಯಾಪಾರದ ಬೇರೇ ಕೊಳ್ತೋಗದೆ. ಮೊದ್ಲು ದುಡ್ಡು, ಆಮೇಲೆ ಮಾಲು. ಆ ಎರಡ್ನೇ ಗುಂಡಿ ಕಿತ್ತಾಕು."

"ನೀವು ಕರೆಂಟು ಮೊದ್ಲು ಕೊಟ್ಟು ಬಿಲ್ಲು ಆಮೇಲೆ ತಾನೆ ಕೊಡೋದು?" ಎಂದಳು ಹೊಂಬಾಳಮ್ಮ.

"ಅದು ಗೌರ್ಮೆಂಟು ಕಣೇ. ಕಟ್ಟದೆ ಇದ್ರೆ ಫ್ಯೂಸ್ ಕೀಳ್ತೀವಿ. ನೀನೇನು ತಿಂದ್ ಹಿಟ್ಟ ಕಕ್ಕುಸ್ತೀಯಾ?"

ಅವನಲ್ಲಿ ಇನ್ನೂ ಒಂದು ಮಾತಿತ್ತು. ಅವನ ಗೆಳೆಯ ತಿಮ್ಮಯ್ಯನಿಗೆ ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ ಹಾಕಲು ರಸ್ತೆ ಬದಿಯ ಕೋಣೆ ಬೇಕಾಗಿತ್ತು. ಇವರ ಮನೆಯ ಮುಂದಿನ ಕೋಣೆ ರಸ್ತೆ ಬದಿಗಿತ್ತು. ಹೊಂಬಾಳಮ್ಮನ ಬೀಸುವ ಮಿಷನ್ನು, ಪೊಟ್ಟಣ ಸೀಲ್ ಮಾಡುವ ಮಿಷನ್ನು, ತಕ್ಕಡಿ ಎಲ್ಲ ಇದ್ದದ್ದು ಅಲ್ಲೇ. ಅಡುಗೆಮನೆಯಲ್ಲಿ ಅವಕ್ಕೆ ಜಾಗವಿರಲಿಲ್ಲ, ಹಿತ್ತಿಲಲ್ಲಿ ಕರೆಂಟಿರಲಿಲ್ಲ.

"ಯುಗಾದಿಗಂಟ ನೋಡ್ತೀನಿ," ಎಂದ. "ಆಗ್ಲೂ ಹಿಂಗೇ ವಾಪಸ್ ಬತ್ತಾ ಇದ್ರೆ ಕೋಣೆ ತಿಮ್ಮಯ್ಯಂಗೆ. ನೀನು ನೆಮ್ದಿಯಾಗಿ ಮನೆ ಕೆಲ್ಸ ನೋಡ್ಕೊ."

ಮನೆ ಕೆಲಸವನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಅವನು ವಿಚಾರಿಸಲಿಲ್ಲ. ಬೆಳಗಿನ ನಾಲ್ಕು ರೊಟ್ಟಿ, ಮಧ್ಯಾಹ್ನದ ಮುದ್ದೆ, ಅತ್ತೆಯ ಮಾತ್ರೆ, ಅವನ ಪಾಳಿಯ ಬುತ್ತಿ, ಇವೆಲ್ಲ ಮುಗಿದ ಮೇಲೆ ಉಳಿದ ಹೊತ್ತಿನಲ್ಲೇ ಆ ನೂರು ಪಾರ್ಸೆಲ್ ಹೋಗಿದ್ದು. ಯುಗಾದಿಗೆ ಎರಡೂವರೆ ತಿಂಗಳಿತ್ತು.

ಹೊಂಬಾಳಮ್ಮ ಗಂಡನ ಮಾತು ಕೇಳಿ ಎರಡನೆಯ ಗುಂಡಿ ತೆಗೆಸಿದಳು. ವಾರಕ್ಕೆ ಇಪ್ಪತ್ತೈದು ಬರುತ್ತಿದ್ದ ಆರ್ಡರು ಐದಕ್ಕೆ ಇಳಿಯಿತು. ಆ ಐದೂ ಗಂಡಸರ ಹೆಸರಿನವು. ವಾಪಸ್ ಒಂದೂ ಬರಲಿಲ್ಲ.

"ನೋಡ್ದಾ!" ಎಂದ ಮರಿಸಿದ್ದಯ್ಯ. "ವಾಪಸ್ ಸೊನ್ನೆ!"

"ಅಂಗಡಿ ಮುಚ್ಚುದ್ರೂ ವಾಪಸ್ ಸೊನ್ನೇಯ," ಎಂದು ಅವಳು ಒಳಗೆ ಹೋದಳು.

ಅದೇ ವಾರ ಫೋನುಗಳು ಬಂದವು. ನಾಗಮಂಗಲದ ಕಡೆಯ ಅಂಕಮ್ಮ ಎಂಬಾಕೆ ಮೂರು ಸಲ ಹಿಟ್ಟು ತರಿಸಿಕೊಂಡಿದ್ದವಳು; ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಕೆಲಸ.

"ಅಕ್ಕ, ಪಾರ್ಸೆಲ್ ಬಂದಾಗ ದುಡ್ಡು ಅನ್ನೋದು ಎಲ್ಲೋಯ್ತು? ಕಾಣ್ತಾನೇ ಇಲ್ಲ."

"ತೆಗ್ದಾಕುದ್ವಿ ಕಣಮ್ಮ. ಫೋನಲ್ಲೇ ಕಟ್ಟು."

"ಫೋನೇನೋ ನಂದೇ ಕಣಕ್ಕ. ಅದ್ರೊಳಗಿರೋ ಬ್ಯಾಂಕು ನಮ್ಮೆಜಮಾನ್ರುದು. ಒತ್ತುದ್ರೆ ಅವ್ರಿಗೆ ಮೆಸೇಜ್ ಓಯ್ತದೆ. ನನ್ ಕೈಲಿರೋದು ಡಬ್ಬಿ ಕಾಸು."

"ಡಬ್ಬಿ ಕಾಸು ಕೊರಿಯರ್‌ನವ್ರಿಗೆ ಕೊಡಬೌದು, ಫೋನಿಗೆ ತುರುಕಕ್ಕಾಯ್ತದಾ?" ಎಂದು ಹೊಂಬಾಳಮ್ಮ ತನಗೇ ಹೇಳಿಕೊಂಡಂತೆ ಅಂದಳು.

"ಊ ಕಣಕ್ಕ, ಅದುಕ್ಕೇ!" ಎಂದಳು ಅಂಕಮ್ಮ.

ಹೊಂಬಾಳಮ್ಮ ಯೋಚನೆಗೆ ಬಿದ್ದಳು. ಪಾರ್ಸೆಲ್ ಬಂದಾಗ ದುಡ್ಡು ಎಂದರೆ ಮೂರರಲ್ಲಿ ಒಂದು ವಾಪಸ್ಸು. ಮೊದಲೇ ದುಡ್ಡು ಎಂದರೆ ಹಿಟ್ಟು ಬೇಕಾದ ಹೆಂಗಸರೇ ಇಲ್ಲ. ಎರಡು ದಾರಿಯಲ್ಲೂ ಕೋಣೆ ತಿಮ್ಮಯ್ಯನ ಕಡೆಗೇ ಹೋಗುತ್ತಿತ್ತು.

ಆಗ ನಡೆದದ್ದು ಪೌಚಿನ ಸಂಗತಿ.

ಅವಳು ತನ್ನ ಹಿಟ್ಟಿಗೆ ದಪ್ಪ ಪೌಚುಗಳನ್ನು ಆರ್ಡರ್ ಮಾಡಿದ್ದಳು, ಪಾರ್ಸೆಲ್ ಬಂದಾಗ ದುಡ್ಡು ಎಂದೇ. ಒಂದು ಬೆಳಿಗ್ಗೆ ಹಿತ್ತಿಲಲ್ಲಿ ಮರಳು ಕಾಯಿಸುತ್ತ ಕೂತಿದ್ದಾಗ ಕೊರಿಯರ್‌ನ ಚಲುವರಾಜು ಬಾಗಿಲಿಗೆ ಬಂದು ಹೋದ. ಅವಳು ಕೈ ಒರೆಸಿಕೊಂಡು ಮುಂದಕ್ಕೆ ಬರುವಷ್ಟರಲ್ಲಿ ಗಾಡಿಯ ಸದ್ದು ರಸ್ತೆ ತಿರುವಿನಲ್ಲಿತ್ತು. ಮರಿಸಿದ್ದಯ್ಯ ಜಗಲಿಯಲ್ಲಿ ಗೆದ್ದವನ ಹಾಗೆ ಕೂತಿದ್ದ.

"ಯಾರು ಬಂದಿದ್ರು?"

"ಎಂಟುನೂರ್ ಐವತ್ತು ಕೊಡಿ, ಪಾರ್ಸೆಲ್ ಬಂದದೆ ಅಂದ. ಈಚೆಗೆ ಇಂಥ ಮೋಸ ಬಾಳ ಕಣೆ. ವಾಪಸ್ ಕಳ್ಸುದೆ. ನಾನು ಸಿಕ್ಕಾಕೊಳ್ನಿಲ್ಲ."

"ಹೆಸ್ರು ಯಾರ್ದಿತ್ತು?"

"ನಿಂದೇ ಇತ್ತು. ಅದುಕ್ಕೇ ಅನುಮಾನ ಬಂದಿದ್ದು. ನಿಂಗ್ಯಾರು ಪಾರ್ಸೆಲ್ ಕಳುಸ್ತಾರೆ?"

ಹೊಂಬಾಳಮ್ಮ ಅವನನ್ನು ನೋಡುತ್ತಲೇ ನಿಂತಳು. ನಗಬೇಕೋ ಬೈಯಬೇಕೋ ತಿಳಿಯಲಿಲ್ಲ.

"ಒಂದ್ ಮಾತು ಕೂಗಿ ಕೇಳ್‌ಬೌದಾಗಿತ್ತಲ್ಲ?"

"ನೀನು ಒಲೆ ಮುಂದಿದ್ದೆ. ಕೆಲ್ಸ ಮಾಡೋವ್ರನ್ನ ಯಾಕ್ ತೊಂದ್ರೆ ಕೊಡ್ಬೇಕು?"

ಮದುವೆಯಾದ ಮೇಲೆ ಅವಳ ಕೆಲಸಕ್ಕೆ ಅವನು ತೋರಿಸಿದ ಮೊದಲ ಮರ್ಯಾದೆ ಅದು.

ಅವಳು ಚಲುವರಾಜುಗೆ ಫೋನು ಮಾಡಿ, "ಲೋ ಚಲುವ, ಅದು ನಂದೇ ಕಣಪ್ಪ, ಸಂಜೆ ತಂದ್ಕೊಡು" ಎಂದಳು. ಅವನು, "ತತ್ತೀನಿ ಬುಡಕ್ಕ, ಇನ್ನೂ ವಾಪಸ್ ಅಂತ ಒತ್ತಿಲ್ಲ. ಅಣ್ಣ ಒಸಿ ಜೋರಾಗಿದ್ರು, ಅದುಕ್ಕೆ ಸುಮ್ಕೆ ಬಂದೆ" ಎಂದ.

ಫೋನಿಟ್ಟವಳು ಹಾಲಿನ ಲೆಕ್ಕದ ಹಳೆಯ ಪುಸ್ತಕ ತೆಗೆದು, ವಾಪಸ್ ಬಂದ ಮೂವತ್ತೊಂದು ಹೆಸರನ್ನೂ ಬರೆದುಕೊಂಡಳು. ಒಬ್ಬೊಬ್ಬರಿಗೂ ಫೋನು ಮಾಡಿದಳು. ಬೈಯಲಿಕ್ಕಲ್ಲ. ಒಂದೇ ಪ್ರಶ್ನೆ ಕೇಳಲಿಕ್ಕೆ: ಪಾರ್ಸೆಲ್ ಬಂದಾಗ ಬಾಗಿಲಲ್ಲಿ ಯಾರಿದ್ದರು?

ಉತ್ತರಗಳನ್ನು ಕೇಳಿ ಅವಳಿಗೆ ಇಡೀ ಕರ್ನಾಟಕದ ಜಗಲಿಗಳು ಕಣ್ಣ ಮುಂದೆ ಬಂದವು. "ನಮ್ಮಾವ ಇದ್ರು. ಮನೇಲೇನು ರಾಗಿ ಇಲ್ವಾ ಅಂದ್ರಂತೆ." "ನಮ್ಮತ್ತೆ ಇದ್ರು. ನನ್ ಕೈ ಬಿದ್ದೋಗದಾ ಅಂತ ಕೇಳುದ್ರಂತೆ. ಹಂಗಂತ ಅವ್ರು ಹುರ್ದು ಹತ್ತೊರ್ಸ ಆಯ್ತು." "ನಮ್ಮೆಜಮಾನ್ರು. ಸಕ್ಕರೆ ಕಾಯ್ಲೆ ಅಂತ ಡಾಕ್ಟ್ರು ಅವ್ರಿಗೇ ಯೋಳಿರೋ ಹಿಟ್ಟು ಕಣಕ್ಕ, ಅವ್ರೇ ವಾಪಸ್ ಕಳ್ಸವ್ರೆ!" ಒಬ್ಬಳು ಮಾತ್ರ ತಾನೇ ಬಾಗಿಲಲ್ಲಿದ್ದಳು. ಆದರೆ ಅಂದು ಸ್ತ್ರೀಶಕ್ತಿ ಸಂಘದ ವಾರ. ಕಂತು ಕಟ್ಟಿ ಬಂದವಳ ಕೈಯಲ್ಲಿ ಮೂವತ್ತು ರೂಪಾಯಿ ಉಳಿದಿತ್ತು.

ನಾಲ್ಕು ಜನ, "ನಮ್ಮೂರಿಗೆ ಗಾಡೀನೇ ಬಂದಿಲ್ಲ" ಎಂದರು. ಕಂಪನಿಯ ಕಾಗದದಲ್ಲಿ ಮಾತ್ರ 'ಗ್ರಾಹಕರು ನಿರಾಕರಿಸಿದ್ದಾರೆ' ಎಂದಿತ್ತು. ಹಳ್ಳಿಯೊಳಗೆ ಬರಲು ಬೇಸರವಾದವರು ಮುಖ್ಯರಸ್ತೆಯಲ್ಲೇ ನಿಂತು ಒತ್ತಿದ ಗುಂಡಿ ಅದು. ಮತ್ತೆ ನಾಲ್ಕು ಜನ ಫೋನು ಎತ್ತಲೇ ಇಲ್ಲ. ಇನ್ನು ಮೂರು ಜನ ಸುಮ್ಮನೆ ಒತ್ತಿದವರು. "ದುಡ್ಡೇನೂ ಕೇಳ್ನಿಲ್ವಲ್ಲ, ಅದುಕ್ಕೆ ಒತ್ತುದೆ" ಎಂದು ಒಬ್ಬ ನಿಜ ಹೇಳಿದ.

ಮೂವತ್ತೊಂದರಲ್ಲಿ ಹತ್ತೊಂಬತ್ತನ್ನು ಬೇಡವೆಂದವರು ಆರ್ಡರ್ ಮಾಡಿದವರೇ ಅಲ್ಲ. ಬೇಕು ಎಂದವಳು ಒಳಗೆ ಒಲೆಯ ಮುಂದೆ, ಇಲ್ಲವೇ ಕೂಲಿಯಲ್ಲಿ. ಬೇಡ ಎಂದವನು ಹೊರಗೆ ಕುರ್ಚಿಯಲ್ಲಿ. ಕುರ್ಚಿಯಲ್ಲಿ ಕೂತಿರುವವನಿಗೆ ಬಾಗಿಲು ಕಾಯುವ ಅಧಿಕಾರ ತಾನಾಗಿ ಬರುತ್ತದೆ. ಬಾಗಿಲು ಗುಡಿಸುವವಳಿಗೆ ಬರುವುದಿಲ್ಲ.

ಮಾರನೆಯ ದಿನ ಮಗಳಿಗೆ ಹೇಳಿ ಎರಡನೆಯ ಗುಂಡಿಯನ್ನು ಮತ್ತೆ ಹಾಕಿಸಿದಳು. ಆದರೆ ಈ ಸಲ ಒತ್ತಿದ ತಕ್ಷಣ ಪಾರ್ಸೆಲ್ ಹೊರಡುತ್ತಿರಲಿಲ್ಲ. ಅವಳು ಫೋನು ಮಾಡಿ ಮಾತಾಡಿದ ಮೇಲೆಯೇ ಪೊಟ್ಟಣ ಸೀಲಾಗುತ್ತಿತ್ತು. ಫೋನಿಗೆ ಸಿಗದವರಿಗೆ ವಾಟ್ಸಾಪ್‌ನಲ್ಲಿ ದನಿ ಕಳಿಸುತ್ತಿದ್ದಳು. ಎರಡು ದಿನ ಉತ್ತರವಿಲ್ಲದಿದ್ದರೆ ಆ ಆರ್ಡರನ್ನು ಹೊಡೆದುಹಾಕುತ್ತಿದ್ದಳು. ಸುಮ್ಮನೆ ಒತ್ತಿದವರು ಅಲ್ಲೇ ಉದುರಿಹೋದರು. ಅದರಿಂದ ಕೊರಿಯರ್ ಕಂಪನಿಗೆ ನಷ್ಟವಾಯಿತು, ಅವಳಿಗಲ್ಲ.

ಮಾತಾಡಿದವರನ್ನು ಅವಳು ಕೇಳುತ್ತಿದ್ದದ್ದು ಒಂದೇ ಬಗೆಯ ಮಾತು.

"ಪಾರ್ಸೆಲ್ ಬರೋ ಹೊತ್ಗೆ ಮನೇಲಿ ಯಾರಿರ್ತಾರಮ್ಮ?"

"ನಮ್ಮಾವ."

"ಮಾವ ಈಸ್ಕೊತಾರಾ?"

"ಅಯ್ಯೋ ಬುಡಕ್ಕ! ಬೋಣಿ ಹೊತ್ನಲ್ಲಿ ದುಡ್ಡು ಕೊಡಲ್ಲ ಅಂತರೆ. ಬೋಣಿ ಮಾಡಕ್ಕೆ ಅವ್ರಿಗೆ ಅಂಗಡೀನೂ ಇಲ್ಲ."

"ಹಂಗಾರೆ ನೀನು ಎಲ್ಲಿರ್ತೀಯ?"

"ನಾನು ಮದ್ದೂರಲ್ಲಿ ಗಾರ್ಮೆಂಟ್ಸು. ಗೇಟ್ ಎದುರ್ಗೆ ಟೀ ಅಂಗಡಿ ಮೀನಾಕ್ಷಮ್ಮ ಇಸ್ಕೊತಾರೆ. ಅವ್ರಿಗೆ ಹಿಂದಿನ್ ದಿನ ದುಡ್ಡು ಕೊಟ್ಟಿರ್ತೀನಿ."

"ಆ ಅಡ್ರೆಸ್ ಯೋಳು. ಅವ್ರ ನಂಬ್ರೂ ಯೋಳು. ಸಂಬ್ಳ ಯಾವತ್ತು?"

ಹೀಗೆ ಹೊಂಬಾಳಮ್ಮನ ಪಾರ್ಸೆಲ್‌ಗಳು ಮನೆಯ ಬಾಗಿಲು ಬಿಟ್ಟು ಹೆಂಗಸರು ನಿಜವಾಗಿ ಇರುವ ಜಾಗಗಳಿಗೆ ಹೋಗತೊಡಗಿದವು: ಬಿಸಿಯೂಟದ ಶಾಲೆ, ಬಟ್ಟೆ ಹೊಲಿಯುವ ಅಂಗಡಿ, ಅಂಗನವಾಡಿ, ಹಾಲಿನ ಡೈರಿ. ಸಂಘದ ವಾರ ಯಾವುದೆಂದು ಕೇಳಿ, ಪಾರ್ಸೆಲ್ ಅಂದು ತಲುಪದ ಹಾಗೆ ದಿನ ಎಣಿಸಿ ಕಳಿಸುತ್ತಿದ್ದಳು. ಬೆಳಿಗ್ಗೆ ಎದ್ದು ಒಲೆ ಹಚ್ಚುವ ಮೊದಲು ಫೋನಿನಲ್ಲಿ 'ತಲುಪದ ಪಾರ್ಸೆಲ್' ಪಟ್ಟಿ ನೋಡುತ್ತಿದ್ದಳು. ಅಂದೇ ಉತ್ತರ ಕೊಟ್ಟರೆ ಕಂಪನಿಯವರು ಇನ್ನೊಂದು ಸಲ ಹೋಗುತ್ತಿದ್ದರು. ತಡವಾದರೆ ವಾಪಸ್ ಗಾಡಿ ಹತ್ತಿಸುತ್ತಿದ್ದರು. 'ಗ್ರಾಹಕರು ನಿರಾಕರಿಸಿದ್ದಾರೆ' ಎಂದು ಕಂಡರೆ ಆ ಗ್ರಾಹಕಳಿಗೇ ಫೋನು ಮಾಡಿ ಕೇಳಿ, ಸುಳ್ಳಾಗಿದ್ದರೆ ದೂರು ಬರೆಯುತ್ತಿದ್ದಳು. ಎರಡು ಸಲ ಹಿಂದಿರುಗಿಸಿದವರಿಗೆ ಮಾತ್ರ ಮೊದಲೇ ದುಡ್ಡು.

ಮೊದಲೇ ದುಡ್ಡು ಕಟ್ಟುವವರನ್ನೂ ಅವಳು ಬಿಡಲಿಲ್ಲ. ಬಾಗಿಲಲ್ಲಿ ದುಡ್ಡು ವಸೂಲಿ ಮಾಡುವುದಕ್ಕೆ ಕಂಪನಿ ಹೇಗೂ ಮೂವತ್ತೈದು ರೂಪಾಯಿ ಮುರಿದುಕೊಳ್ಳುತ್ತಿತ್ತು; ಆ ದುಡ್ಡನ್ನೂ ವಾರ ಕಳೆದ ಮೇಲೆಯೇ ಅವಳ ಖಾತೆಗೆ ಹಾಕುತ್ತಿತ್ತು. ಹಾಗಾಗಿ 'ಈಗಲೇ ಕಟ್ಟಿದರೆ ನಲವತ್ತು ರೂಪಾಯಿ ಕಡಿಮೆ' ಎಂದು ಬರೆಸಿದಳು. ಬ್ಯಾಂಕು ಗಂಡನ ಕೈಯಲ್ಲಿರುವ ಹೆಂಗಸರಿಗೆ ಒಂದು ಉಪಾಯವನ್ನೂ ಹೇಳಿಕೊಟ್ಟಳು.

"ಹಿಟ್ಟು ಬೇಕು ಅನ್ಬ್ಯಾಡ. ನಲವತ್ ರೂಪಾಯಿ ಉಳೀತದಂತೆ, ಇವತ್ತೇ ಕಡೆ ಅಂತೆ ಅನ್ನು. ಕಟ್ತರೆ."

"ನಿಜ್ವಾಗ್ಲೂ ಕಟ್ತರಾ ಅಕ್ಕ?"

"ಕಟ್ತರೆ. ಕಟ್ಟಾದ್ಮೇಲೆ ಬಾಗಿಲಿಂದ ವಾಪಸ್ ಕಳ್ಸೋ ಗಂಡಸು ಇನ್ನೂ ಹುಟ್ಟಿಲ್ಲ."

ಗಂಡಂದಿರು ಕಟ್ಟಿದರು. ಉಳಿದ ನಲವತ್ತು ರೂಪಾಯಿಯ ಕಥೆಯನ್ನು ಊರೆಲ್ಲ ಹೇಳಿಕೊಂಡು ಬಂದರು ಎಂದು ಹೆಂಗಸರು ನಕ್ಕು ನಕ್ಕು ವರದಿ ಕೊಟ್ಟರು.

ಇಷ್ಟರಲ್ಲಿ ಅವಳ ದಿನಕ್ಕೆ ಇನ್ನೆರಡು ಗಂಟೆಯ ಫೋನಿನ ಕೆಲಸ ಸೇರಿತ್ತು. "ಹೊತ್ತಾರೆ ಎದ್ರೆ ಫೋನಲ್ಲಿ ಹರಟೆ," ಎಂದು ದೊಡ್ಡತಾಯಮ್ಮ ಬೀದಿಯವರಿಗೆ ಹೇಳುತ್ತಿದ್ದಳು. ಹರಟುತ್ತಲೇ ಹೊಂಬಾಳಮ್ಮ ಕೇರುತ್ತಿದ್ದಳು, ಹರಟುತ್ತಲೇ ಅತ್ತೆಯ ಮುದ್ದೆಗೆ ಎಸರಿಡುತ್ತಿದ್ದಳು. ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಯುಗಾದಿಗೆ ನಾಲ್ಕು ದಿನವಿದ್ದಾಗ ಮರಿಸಿದ್ದಯ್ಯ ತಿಮ್ಮಯ್ಯನನ್ನು ಕರೆದುಕೊಂಡು ಬಂದ. ತಿಮ್ಮಯ್ಯನ ಕೈಯಲ್ಲಿ ಅಳತೆಯ ಟೇಪಿತ್ತು. ಇಬ್ಬರೂ ಕೋಣೆಯ ಉದ್ದ ಅಗಲ ಅಳೆದು, ಬೀಸುವ ಮಿಷನ್ನಿನ ಮೇಲೆಯೇ ಟೇಪು ಎಳೆದರು.

"ಈ ತಿಂಗ್ಳು ಎಪ್ಪತ್ತೆಂಟು ಹೋದೊ," ಎಂದಳು ಹೊಂಬಾಳಮ್ಮ ಬಾಗಿಲಲ್ಲಿ ನಿಂತು. "ನಾಕು ವಾಪಸ್ ಬಂದೊ."

ಮರಿಸಿದ್ದಯ್ಯ ಟೇಪಿನ ತುದಿ ಬಿಟ್ಟ. ಟೇಪು ಸರ್ರನೆ ಸುತ್ತಿಕೊಂಡು ತಿಮ್ಮಯ್ಯನ ಬೆರಳಿಗೆ ಹೊಡೆಯಿತು.

"ನಾಕೇಯಾ?"

"ನಾಕೇ."

"ನಾನು ಅವತ್ತೇ ಯೋಳ್ಲಿಲ್ವಾ, ಮೊದ್ಲು ದುಡ್ಡು ಈಸ್ಕೊ ಅಂತ?" ಎಂದು ಅವನು ತಿಮ್ಮಯ್ಯನ ಕಡೆ ತಿರುಗಿದ. "ನಾನ್ ಯೋಳ್‌ಕೊಟ್ಟಿದ್ದು ಕಣಪ್ಪ."

ಎಪ್ಪತ್ತೆಂಟರಲ್ಲಿ ಐವತ್ತು ಪಾರ್ಸೆಲ್ ಬಂದಾಗ ದುಡ್ಡಿನವೇ ಎಂದು ಅವಳು ಹೇಳಲಿಲ್ಲ. ಹೇಳಿದರೆ ಅದಕ್ಕೂ ಅವನಲ್ಲಿ ಇನ್ನೊಂದು ತೀರ್ಪಿರುತ್ತಿತ್ತು.

"ಆದ್ರೂ ತಿಮ್ಮಯ್ಯಂಗೆ ಮಾತು ಕೊಟ್ಟಿವ್ನಿ," ಎಂದು ಮರಿಸಿದ್ದಯ್ಯ ರಾಗ ಎಳೆದ. "ತಿಂಗ್ಳಿಗೆ ಎರಡ್ ಸಾವ್ರ ಬಾಡ್ಗೆ ಅಂದ್ರೆ ಸುಮ್ನೆ ಅಲ್ಲ."

"ಅಡ್ವಾನ್ಸು ಎಷ್ಟು ಕೊಡ್ತಿರಣ್ಣ?" ಎಂದು ಅವಳು ತಿಮ್ಮಯ್ಯನನ್ನು ಕೇಳಿದಳು.

ತಿಮ್ಮಯ್ಯ ಬೆರಳು ಚೀಪುತ್ತ, "ಅಡ್ವಾನ್ಸು ಎಲ್ಲಿಂದ ಬತ್ತದೆ ತಾಯಿ? ಮೊದ್ಲು ಜಾಗ ಆಗ್ಲಿ, ಅಂಗಡಿ ನಡೀಲಿ, ಆಮೇಲೆ ಕೊಟ್ರಾಯ್ತು. ನಮ್ ನಮ್ಮಲ್ಲಿ ಏನು?" ಎಂದ.

ಹೊಂಬಾಳಮ್ಮ ಒಳಗೆ ಹೋಗಿ ಬಂದಳು. ಕೈಯಲ್ಲಿ ಆರು ಸಾವಿರ ರೂಪಾಯಿ ಇತ್ತು. ಎರಡು ತಿಂಗಳು ಒಂದು ಸೀರೆಯನ್ನೂ ಕೊಳ್ಳದೆ ಉಳಿಸಿದ್ದು.

"ಮೂರ್ ತಿಂಗ್ಳ ಬಾಡ್ಗೆ, ಮೊದ್ಲೇ. ಕೋಣೆ ನಂಗೆ," ಎಂದು ಗಂಡನ ಕೈಗಿಟ್ಟಳು.

"ನಿಂಗೆ ಬಾಡ್ಗೇನಾ? ನಮ್ಮನೇಲೇ?"

"ನಮ್ಮನೆ ಆಗಿದ್ರೆ ಟೇಪು ತರ್ತಿದ್ರಾ?"

ಮರಿಸಿದ್ದಯ್ಯ ನೋಟುಗಳನ್ನು ನೋಡಿದ, ತಿಮ್ಮಯ್ಯನನ್ನು ನೋಡಿದ. ಹೆಂಡತಿಯಿಂದ ಬಾಡಿಗೆ ಇಸಿದುಕೊಳ್ಳುವುದು ನಾಚಿಕೆಯ ವಿಷಯ. ಆದರೆ ಕೈಗೆ ಬಂದ ಆರು ಸಾವಿರ ವಾಪಸ್ ಕೊಡುವುದು ಅದಕ್ಕಿಂತ ಕಷ್ಟದ ವಿಷಯ. ನಾಚಿಕೆ ಸೋತಿತು. ನೋಟು ಜೇಬಿಗೆ ಇಳಿದವು.

"ಸರಿ ಬುಡು," ಎಂದ. "ಇಬ್ರಿಗೂ ಒಸಿ ಕಾಫಿ ಮಾಡ್ಕೊಂಡ್ ಬಾ."

"ಬಾಡ್ಗೆಯವ್ರ ಕೈಲಿ ಯಾರಾದ್ರೂ ಕಾಫಿ ಮಾಡುಸ್ತಾರಾ?" ಎಂದಳು ಅವಳು. ಕೋಣೆಯ ಮೂಲೆಯಲ್ಲಿ ಅತ್ತೆ ಇಟ್ಟಿದ್ದ ಎರಡು ಹುಣಸೆಹಣ್ಣಿನ ಮೂಟೆಗಳನ್ನು ಎಳೆದು ಹೊರಗೆ ಜಗಲಿಯ ಮೇಲಿಟ್ಟಳು. ತಿಮ್ಮಯ್ಯ ಟೇಪನ್ನು ಜೇಬಿಗೆ ತುರುಕಿ, ಕಾಫಿ ಬರುತ್ತದೋ ಇಲ್ಲವೋ ತಿಳಿಯದೆ ಒಂದು ಮೂಟೆಯ ಮೇಲೆ ಕೂತ. ಆಮೇಲೆ ಮರಿಸಿದ್ದಯ್ಯ ಎದ್ದು ಒಳಗೆ ಹೋದ. ಅಡುಗೆಮನೆಯಲ್ಲಿ ಡಬ್ಬಗಳ ಮುಚ್ಚಳ ಒಂದೊಂದಾಗಿ ತೆಗೆಯುವ, ಮುಚ್ಚುವ ಸದ್ದು ಕೇಳಿಸಿತು.

ಹೊಂಬಾಳಮ್ಮ ಕೋಣೆಯ ಬಾಗಿಲು ಮುಂದಕ್ಕೆ ಹಾಕಿಕೊಂಡು, ಪಟ್ಟಿಯಲ್ಲಿ ಮೇಲಿದ್ದ ನಂಬರಿಗೆ ಫೋನು ಮಾಡಿದಳು. ಪಾಂಡವಪುರದ ಕಡೆಯ ಹೊಸ ಹೆಸರು.

"ಲೇ ಅಮ್ಮಿ, ಸಕ್ಕರೆ ಎಲ್ಲಿಟ್ಟಿದ್ದೀಯೇ?" ಎಂದು ಒಳಗಿನಿಂದ ಕೂಗು ಬಂತು.

"ಪಾರ್ಸೆಲ್ ಬರೋ ಹೊತ್ಗೆ," ಎಂದು ಹೊಂಬಾಳಮ್ಮ ಫೋನಿಗೆ ಹೇಳುತ್ತಿದ್ದಳು, "ನೀನು ಎಲ್ಲಿರ್ತೀಯ ಯೋಳಮ್ಮ."